ಉಕ್ಕಿನ ಗೋಳ, ಫೋಮಿನ ಕವಚ

ಗೊಬ್ಬರ ಕಾರ್ಖಾನೆಗಳಲ್ಲಿ ದ್ರವ ಅಮೋನಿಯಾವನ್ನು ಒತ್ತಡದಲ್ಲಿ ತಣ್ಣಗಿಡಲು ದೊಡ್ಡ ಉಕ್ಕಿನ ಗೋಳಗಳನ್ನು ಬಳಸುವುದುಂಟು. ಒಳಗೆ 0 ಡಿಗ್ರಿ ಸೆಲ್ಸಿಯಸ್‌ನ ದ್ರವ, ಹೊರಗೆ 30 ಡಿಗ್ರಿಯ ಗಾಳಿ. ಎಷ್ಟು ಶಾಖ ಒಳಗೆ ನುಗ್ಗುತ್ತದೆ? ಗೋಡೆಯ ಯಾವ ಪದರ ಎಷ್ಟು ತಣ್ಣಗಿರುತ್ತದೆ?

ಒಂದು ಲೆಕ್ಕ ಮಾಡಿ ನೋಡೋಣ. ಗೋಳದ ಒಳ ತ್ರಿಜ್ಯ 5 ಮೀಟರ್, ಉಕ್ಕಿನ ದಪ್ಪ 20 ಮಿ.ಮೀ., ಅದರ ಮೇಲೆ 100 ಮಿ.ಮೀ. ಪಾಲಿಯುರೆಥೇನ್ ಫೋಮ್. ಶಾಖದ ದಾರಿಯಲ್ಲಿ ನಾಲ್ಕು ಅಡೆತಡೆಗಳಿವೆ: ಹೊರಗಿನ ಗಾಳಿಯ ತೆಳು ಪದರ, ಫೋಮ್, ಉಕ್ಕು, ಒಳಗಿನ ದ್ರವದ ತೆಳು ಪದರ. ಗೋಳದ ಮೇಲ್ಮೈ ಹೊರಹೋದಂತೆ ಹಿಗ್ಗುವುದರಿಂದ, ಒಂದು ಪದರದ ತಡೆಯನ್ನು ಹೀಗೆ ಲೆಕ್ಕ ಹಾಕುತ್ತಾರೆ:

R = (r₂ − r₁) / (4πk r₁r₂)

ಇಲ್ಲಿ r₁, r₂ ಪದರದ ಒಳ, ಹೊರ ತ್ರಿಜ್ಯಗಳು. k ಆ ವಸ್ತುವಿನ ಶಾಖವಾಹಕತೆ. ಫೋಮಿಗೆ 0.025, ಉಕ್ಕಿಗೆ 45 ಎಂದು ಹಿಡಿದಿದ್ದೇವೆ. ತೆಳು ಪದರಗಳ ತಡೆ 1/(h × ಮೇಲ್ಮೈ ವಿಸ್ತೀರ್ಣ). ಗಾಳಿಗೆ h 10, ದ್ರವಕ್ಕೆ 200 ಎಂದಿಟ್ಟುಕೊಳ್ಳೋಣ. ಬಿಸಿಲಿನ ನೇರ ತಾಪವನ್ನು ಸದ್ಯಕ್ಕೆ ಬಿಟ್ಟುಬಿಡೋಣ.

ಕೂಡಿದಾಗ ಒಟ್ಟು ತಡೆಯ ಶೇಕಡ 97ಕ್ಕೂ ಹೆಚ್ಚು ಫೋಮಿನದೇ. ಉಕ್ಕಿನ ಪಾಲು ನಗಣ್ಯ. 30 ಡಿಗ್ರಿ ವ್ಯತ್ಯಾಸವನ್ನು ಒಟ್ಟು ತಡೆಯಿಂದ ಭಾಗಿಸಿದರೆ ಒಳನುಗ್ಗುವ ಶಾಖ ಸುಮಾರು 2.4 ಕಿಲೋವ್ಯಾಟ್. ಫೋಮ್ ಇಲ್ಲದ ಬರೀ ಉಕ್ಕಾದರೆ ಅದು 90 ಕಿಲೋವ್ಯಾಟ್. ಅಂದರೆ ದಿನಕ್ಕೆ ಸುಮಾರು 160 ಕಿಲೋ ಅಮೋನಿಯಾ ಆವಿಯಾಗುವ ಕಡೆ ಆರು ಟನ್ ಆವಿಯಾಗುತ್ತದೆ. ಆ ಆವಿಯನ್ನು ಮತ್ತೆ ತಂಪಾಗಿಸಿ ದ್ರವ ಮಾಡುವ ಕೆಲಸ ಕಂಪ್ರೆಸರ್‌ನದು.

ಎಲ್ಲ ಪದರಗಳ ಮೂಲಕ ಹರಿಯುವ ಶಾಖ ಒಂದೇ. ಹಾಗಾಗಿ ಶಾಖವನ್ನು ಒಂದೊಂದು ತಡೆಯಿಂದ ಗುಣಿಸಿದರೆ ಆಯಾ ಪದರದಲ್ಲಿ ಎಷ್ಟು ಡಿಗ್ರಿ ವ್ಯತ್ಯಾಸ ಎಂಬುದು ಸಿಗುತ್ತದೆ. ಉಕ್ಕು–ಫೋಮ್ ಕೂಡುವಲ್ಲಿ ಕೇವಲ 0.04 ಡಿಗ್ರಿ, ಫೋಮಿನ ಹೊರಮೈ 29.3 ಡಿಗ್ರಿ.

ಎಚ್ಚರ ಬೇಕಿರುವುದು ಈ ಕೂಡುವ ಜಾಗದ ಬಗ್ಗೆಯೇ. ಫೋಮಿನ ಹೊರಗಿನ ತೇವ ತಡೆಯುವ ಹಾಳೆ ಎಲ್ಲಾದರೂ ಹರಿದರೆ, ಮಳೆಗಾಲದ ಒದ್ದೆ ಗಾಳಿ ಉಕ್ಕಿನವರೆಗೂ ಇಳಿದು ಅಲ್ಲಿ ನೀರಾಗುತ್ತದೆ. ಫೋಮ್ ನೆನೆಯುತ್ತದೆ, ಉಕ್ಕಿಗೆ ಕಣ್ಣಿಗೆ ಕಾಣದ ತುಕ್ಕು ಹಿಡಿಯುತ್ತದೆ.

ಇದನ್ನು ಹೊರಗಿನಿಂದಲೇ ಗುರುತಿಸಬಹುದು. ನೆನೆದ ಫೋಮಿನ ಶಾಖವಾಹಕತೆ ನಾಲ್ಕು ಪಟ್ಟಾದರೆ, ಆ ಭಾಗದ ಹೊರಮೈ 27.3 ಡಿಗ್ರಿಗೆ ಇಳಿಯುತ್ತದೆ. ಗಾಳಿಯ ತೇವಾಂಶ ಶೇ. 90 ಇದ್ದರೆ ಸುಮಾರು 28 ಡಿಗ್ರಿಗೇ ಇಬ್ಬನಿ ಕಟ್ಟುತ್ತದೆ. ಆದ್ದರಿಂದ ಸುತ್ತಲೂ ಒಣಗಿದ್ದು ಒಂದೇ ಕಡೆ ಬೆವರುತ್ತಿರುವ ತೇಪೆ ಕಂಡರೆ ಮೇಲಿಂದ ಒರೆಸಿ ಸುಮ್ಮನಾಗಬಾರದು. ಅಲ್ಲಿ ಹೊದಿಕೆ ಬಿಚ್ಚಿ ಉಕ್ಕನ್ನು ಪರೀಕ್ಷಿಸಲೇಬೇಕು.