ಸಾಲಿಗೆ ಎಷ್ಟು, ಗಿರಾಕಿಗೆ ಎಷ್ಟು?

ಭಾನುವಾರದ ಪತ್ರಿಕೆಯಲ್ಲಿ ಹಳೇ ಕಾರುಗಳ ಡೀಲರ್‌ಗೆ ಎರಡು ಬಗೆಯ ಜಾಗ ಸಿಗುತ್ತದೆ. ವರ್ಗೀಕೃತ ಜಾಹೀರಾತಿಗೆ ಸಾಮಾನ್ಯವಾಗಿ ಸಾಲಿನ ಲೆಕ್ಕದಲ್ಲಿ ಹಣ. ದಪ್ಪಕ್ಷರ, ಬಣ್ಣದ ಹಿನ್ನೆಲೆ ಬೇಕೆಂದರೆ ಅದಕ್ಕೆ ಬೇರೆ. ಚೌಕಟ್ಟು, ಲೋಗೊ, ಚಿತ್ರವಿರುವ ಡಿಸ್‌ಪ್ಲೇ ಜಾಹೀರಾತಿಗೆ ಚದರ ಸೆಂಟಿಮೀಟರಿನ ಲೆಕ್ಕ. ಎರಡಕ್ಕೂ ಶೇ 5ರ ಜಿಎಸ್‌ಟಿ ಸೇರುತ್ತದೆ.

ಸಾಲು ಉಳಿಸಲು ಹೊರಟ ಡೀಲರ್ ಮೊದಲು ಕತ್ತರಿ ಹಾಕುವುದು ಬೆಲೆಗೆ. ಆಮೇಲೆ ಫೋನು ಬಿಡುವಿಲ್ಲದೆ ಬಾರಿಸುತ್ತದೆ, ನಿಜ. ಆದರೆ ‘ರೇಟ್ ಎಷ್ಟು?’ ಎಂದು ಕೇಳಿ ಇಟ್ಟುಬಿಡುವವರೇ ಹೆಚ್ಚು. ಕತ್ತರಿಸಬೇಕಾದದ್ದು ‘ಉತ್ತಮ ಸ್ಥಿತಿ’ ಎಂಬ ಮಾತನ್ನು. ಕೆಟ್ಟ ಸ್ಥಿತಿಯಲ್ಲಿದೆ ಎಂದು ಯಾರೂ ಅಚ್ಚು ಹಾಕಿಸುವುದಿಲ್ಲವಲ್ಲ! ‘ಸ್ವಿಫ್ಟ್ 2018, ಪೆಟ್ರೋಲ್, ಸಿಂಗಲ್ ಓನರ್, 52,000 ಕಿ.ಮೀ., ಕೆಎ-05, 4.75 ಲಕ್ಷ, ಜಯನಗರ’ ಎಂದರೆ ಕರೆ ಕಡಿಮೆಯಾಗಬಹುದು, ಆದರೆ ಕರೆ ಮಾಡಿದವನು ಬೆಲೆ ಒಪ್ಪುವಂತಿದೆ ಎನಿಸಿಯೇ ಮಾಡಿರುತ್ತಾನೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗಷ್ಟೇ, ದರ ಪತ್ರಿಕೆಯಿಂದ ಪತ್ರಿಕೆಗೆ, ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಸಾಲಿಗೆ 200 ರೂಪಾಯಿಯಂತೆ ಐದು ಸಾಲು, ತೆರಿಗೆ ಸೇರಿ 1,050. ಹನ್ನೆರಡು ಕರೆ ಬಂದು, ನಾಲ್ವರು ಯಾರ್ಡಿಗೆ ಬಂದು, ಒಂದು ಕಾರು ಹೋಯಿತು ಎನ್ನಿ. ಇನ್ನೊಂದು ವಾರ 80 ಚದರ ಸೆಂಟಿಮೀಟರಿನ ಡಿಸ್‌ಪ್ಲೇ, ದರ 250. ತೆರಿಗೆ ಸೇರಿ 21,000. ಎಂಬತ್ತು ಕರೆ, ಹದಿನೈದು ಭೇಟಿ, ನಾಲ್ಕು ಕಾರು ಮಾರಾಟ. ಕಾರೊಂದರ ಜಾಹೀರಾತು ಖರ್ಚು ಮೊದಲನೆಯದರಲ್ಲಿ 1,050, ಎರಡನೆಯದರಲ್ಲಿ 5,250.

ಹಾಗಾದರೆ ಡಿಸ್‌ಪ್ಲೇ ದಂಡವೇ? ಕಾರಿಗೆ 25,000 ಲಾಭ ಉಳಿಯುವುದಾದರೆ ಮೊದಲ ವಾರ ಕೈಗೆ ಸಿಕ್ಕಿದ್ದು 23,950, ಎರಡನೆಯ ವಾರ 79,000. ಯಾರ್ಡಿನಲ್ಲಿ ಇಪ್ಪತ್ತು ಕಾರು ನಿಂತಿರುವವನಿಗೆ ಡಿಸ್‌ಪ್ಲೇ ಗಿಟ್ಟುತ್ತದೆ. ಮೂರೇ ಕಾರು ಇಟ್ಟುಕೊಂಡವನು ಅದೇ ಜಾಗ ಕೊಂಡರೆ, ಬಂದ ಗಿರಾಕಿಗೆ ತೋರಿಸಲು ಬೇಕಾದ ಮಾಡೆಲ್ ಇಲ್ಲದೆ ಕಳಿಸಿಕೊಡಬೇಕಾಗುತ್ತದೆ. ಡಿಸ್‌ಪ್ಲೇಗೆ ಇನ್ನೊಂದು ಗಳಿಕೆಯೂ ಉಂಟು. ‘ಎಕ್ಸ್‌ಚೇಂಜ್ ಇದೆ’ ಎಂಬ ಸಾಲು ನೋಡಿ ತಮ್ಮ ಕಾರು ಮಾರಲು ಬರುವವರು ಇರುತ್ತಾರೆ. ಒಳ್ಳೆಯ ಮಾಲು ಸಿಗುವುದೇ ಕಷ್ಟವಾದ ಈ ವ್ಯಾಪಾರದಲ್ಲಿ ಅಂಥವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಾವ ಕರೆ ಯಾವ ಜಾಹೀರಾತಿನದು ಎಂದು ತಿಳಿಯುವುದು ಹೇಗೆ? ಗಿರಾಕಿಯನ್ನೇ ಕೇಳಿದರೆ ‘ಪೇಪರಿನಲ್ಲಿ ನೋಡಿದೆ’ ಎನ್ನುತ್ತಾನೆ, ಅಷ್ಟೇ. ಪ್ರತಿ ಜಾಹೀರಾತಿಗೂ ಬೇರೆ ಸಿಮ್ಮಿನ ನಂಬರ್ ಕೊಟ್ಟು, ಕರೆ, ಭೇಟಿ, ಮಾರಾಟ ಮೂರನ್ನೂ ಪುಸ್ತಕದಲ್ಲಿ ಬರೆದಿಡುವುದು ಅಗ್ಗದ ಉಪಾಯ. ಎತ್ತದೆ ಹೋದ ಕರೆಗಳೂ ಅದರಲ್ಲಿರಬೇಕು. ಭಾನುವಾರ ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿದ್ದರೆ, ಕರೆ ಬರಲಿಲ್ಲವೆಂದು ಪತ್ರಿಕೆಯನ್ನು ದೂರುವಂತಿಲ್ಲ.

ಅದೇ ಕಾರು, ಅದೇ ಸಾಲು ಮೂರನೆಯ ವಾರವೂ ಬಂದರೆ ಓದುಗನಿಗೆ ಅನುಮಾನ ಶುರು: ಇನ್ನೂ ಹೋಗಿಲ್ಲವೇ, ಏನೋ ಐಬಿರಬೇಕು. ಆ ಹೊತ್ತಿಗೆ ಬೆಲೆ ಇಳಿಸಬೇಕು, ಇಲ್ಲವೇ ಆ ಸಾಲುಗಳನ್ನು ಬೇರೆ ಕಾರಿಗೆ ಬಿಟ್ಟುಕೊಡಬೇಕು.