ಬಿಸಿನೀರಿಗೆ ಬಾಗುವ ರಿಟೇನರ್

ಅಕ್ಕನ ಮಗಳಿಗೆ ಹಲ್ಲಿನ ಕ್ಲಿಪ್ ತೆಗೆದ ಮೇಲೆ ಡಾಕ್ಟರು ರಾತ್ರಿ ಹಾಕಿಕೊಳ್ಳಲು ಗಾಜಿನಷ್ಟು ತಿಳಿಯಾದ ಪ್ಲಾಸ್ಟಿಕ್ ರಿಟೇನರ್ ಕೊಟ್ಟಿದ್ದರು. ಮೂರು ವಾರಕ್ಕೆ ಅದು ವಾಸನೆ ಹಿಡಿಯಿತು. ಮಗುವಿನ ಹಾಲಿನ ಬಾಟಲಿ ಕುದಿಸಿ ತೊಳೆಯುವ ಮನೆಯಲ್ಲಿ ಬೆಳೆದವಳು, ಬಟ್ಟಲಲ್ಲಿಟ್ಟು ಕುದಿನೀರು ಸುರಿದಳು. ಆ ರಾತ್ರಿ ಹಾಕಿಕೊಂಡಾಗ ಮುಂದಿನ ಹಲ್ಲಿಗೆ ಸರಿಯಾಗಿ ಕೂತಿತು, ದವಡೆಯ ಕಡೆ ಮಾತ್ರ ಮೇಲೆದ್ದೇ ಉಳಿಯಿತು. ಒತ್ತಿದರೆ ಕೂರುತ್ತಿತ್ತು, ಬೆರಳು ಬಿಟ್ಟರೆ ಮತ್ತೆ ಏಳುತ್ತಿತ್ತು.

ಇದು ಏಕೆ ಹೀಗೆ ಎಂಬುದು ರಿಟೇನರ್ ಮಾಡುವ ಬಗೆಯಲ್ಲೇ ಇದೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ಚಪ್ಪಟೆ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಮೆದುವಾದಾಗ ಹಲ್ಲಿನ ಅಚ್ಚಿನ ಮೇಲೆ ಹೊದಿಸಿ, ಗಾಳಿ ಎಳೆದು ಅಂಟಿಸುತ್ತಾರೆ. ತಣ್ಣಗಾದಾಗ ಹಲ್ಲಿನ ಆಕಾರ ನಿಲ್ಲುತ್ತದೆ. ಆದರೆ ಎಳೆದ ಬಿಗಿತ ಹಾಳೆಯೊಳಗೆ ಹಾಗೇ ಇರುತ್ತದೆ. ಮತ್ತೆ ಕಾವು ತಗುಲಿದರೆ ಅದು ಮೊದಲಿನ ಚಪ್ಪಟೆಯತ್ತ ಸರಿಯುತ್ತದೆ. ಬಿಸಿನೀರಲ್ಲಿ ಅದ್ದಿ, ಕಚ್ಚಿ ಅಚ್ಚು ಮಾಡಿಕೊಳ್ಳುವ ಆಟಗಾರರ ಮೌತ್ ಗಾರ್ಡ್ ಇನ್ನೂ ಮೆದು. ಕಾವಿನಿಂದ ಬಂದ ಆಕಾರ ಕಾವಿನಿಂದಲೇ ಹೋಗುತ್ತದೆ. ಹಾಗಾಗಿ ಗೀಸರಿನ ಬಿಸಿನೀರೂ ಬೇಡ, ಪಾತ್ರೆ ತೊಳೆಯುವ ಯಂತ್ರವೂ ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗುವುದೂ ಅಷ್ಟೇ ಕೆಟ್ಟದ್ದು.

ಹೊಸ ರಿಟೇನರ್ ಬಂದ ಮೇಲೆ ನಾವು ಹಿಡಿದ ಕ್ರಮ ಹೀಗಿದೆ. ಬೆಳಿಗ್ಗೆ ಬಾಯಿಂದ ತೆಗೆದ ಕೂಡಲೇ, ಒಣಗುವ ಮೊದಲೇ, ತಣ್ಣೀರಲ್ಲಿ ತೊಳೆಯುವುದು. ಎಂಜಲು ಒಣಗಿದರೆ ಜಿಗುಟಾಗಿ ಅಂಟಿ ಕೂರುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೌಮ್ಯ ಲಿಕ್ವಿಡ್ ಒಂದೇ ಹನಿ, ಅದಕ್ಕೆಂದೇ ಇಟ್ಟ ಮೆತ್ತನೆಯ ಬ್ರಷ್. ಅಂಗೈಯಲ್ಲಿ ಆನಿಸಿಕೊಂಡು ಒಳಗಡೆ, ಹಲ್ಲು ಕೂರುವ ಗುಳಿಗಳಲ್ಲಿ ಹೆಚ್ಚು ಹೊತ್ತು ಉಜ್ಜಬೇಕು. ಎರಡು ತುದಿ ಹಿಡಿದು ತಿರುಚಬಾರದು. ಸಿಂಕಿನಲ್ಲಿ ಒಂದಿಷ್ಟು ನೀರು ನಿಲ್ಲಿಸಿಕೊಂಡರೆ ಜಾರಿ ಬಿದ್ದರೂ ಒಡೆಯದು.

ಟೂತ್‌ಪೇಸ್ಟ್ ಏಕೆ ಬೇಡ? ಅದರಲ್ಲಿ ಹಲ್ಲಿನ ಕಲೆ ತಿಕ್ಕಲು ಸಣ್ಣ ಕಣಗಳಿರುತ್ತವೆ. ಹಲ್ಲಿನ ಹೊರಪದರ ತಡೆದುಕೊಳ್ಳುತ್ತದೆ, ಪ್ಲಾಸ್ಟಿಕ್ ತಡೆಯದು. ಕಣ್ಣಿಗೆ ಕಾಣದ ಗೀರು ಬಿದ್ದು, ತಿಳಿಯಾಗಿದ್ದದ್ದು ಮಂಜಾಗುತ್ತದೆ, ಆ ಗೀರುಗಳಲ್ಲೇ ಕೊಳೆ ಮನೆ ಮಾಡುತ್ತದೆ.

ವಾರಕ್ಕೆ ಒಂದೆರಡು ಸಲ ಮಾತ್ರೆ ಸಾಕು. ಲೋಟದಲ್ಲಿ ರಿಟೇನರ್ ಮುಳುಗುವಷ್ಟು ನೀರು ಹಾಕಿ ಒಂದು ಮಾತ್ರೆ ಬಿಟ್ಟರೆ ನೊರೆ ಏಳುತ್ತದೆ. ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ ಸೇರಿ ಗುಳ್ಳೆ ಬರುತ್ತವೆ, ಹೈಡ್ರೋಜನ್ ಪೆರಾಕ್ಸೈಡ್ ಬಿಡುವ ಇನ್ನೊಂದು ಲವಣ ಕಲೆಯನ್ನೂ ಸೂಕ್ಷ್ಮಜೀವಿಯನ್ನೂ ಕಡಿಮೆ ಮಾಡುತ್ತದೆ. ಕೆಲವು ಪೊಟ್ಟಣಗಳಲ್ಲಿ ‘ಬೆಚ್ಚಗಿನ ನೀರು’ ಎಂದಿರುತ್ತದೆ. ಆ ಮಾತು ದಪ್ಪನೆಯ ಹಲ್ಲುಸೆಟ್ಟಿಗೆ ಬರೆದದ್ದು. ತೆಳು ಪ್ಲಾಸ್ಟಿಕ್ಕಿಗೆ ಮಣಿಕಟ್ಟಿನ ಒಳಭಾಗಕ್ಕೆ ಹಾಕಿಕೊಂಡರೆ ಬಿಸಿ ಅನ್ನಿಸದ ನೀರೇ ಸರಿ. ಪೊಟ್ಟಣ ಹೇಳಿದಷ್ಟು ನಿಮಿಷ ಮಾತ್ರ ಇಡಿ. ತಂತಿ ಇರುವ ರಿಟೇನರ್ ಆದರೆ ರಾತ್ರಿಯಿಡೀ ನೆನೆಸುವ ಅಭ್ಯಾಸ ಬೇಡವೇ ಬೇಡ, ಲೋಹ ಕಪ್ಪಾಗುತ್ತದೆ. ಬ್ಲೀಚ್ ಹತ್ತಿರವೂ ಬರಬಾರದು.

ಮಾತ್ರೆ ಮಾಡುವುದು ಅರ್ಧ ಕೆಲಸ, ಸಡಿಲಗೊಂಡ ಪದರವನ್ನು ಬ್ರಷ್ಷೇ ಎತ್ತಬೇಕು. ಕೊನೆಗೆ ಚೆನ್ನಾಗಿ ತೊಳೆಯದಿದ್ದರೆ ಅಪಾಯವಿದೆ. ಹಲವು ಮಾತ್ರೆಗಳಲ್ಲಿರುವ ಪರ್ಸಲ್ಫೇಟ್ ಕೆಲವರಿಗೆ ಅಲರ್ಜಿ ತರುತ್ತದೆ. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಸಿತ್ತು. ಒಸಡು ಉರಿದರೆ, ದದ್ದು ಬಂದರೆ, ಉಸಿರು ಕಟ್ಟಿದಂತಾದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಾತ್ರೆ ಲೋಟಕ್ಕೆ, ಬಾಯಿಗಲ್ಲ. ಮಕ್ಕಳಿರುವ ಮನೆಯಲ್ಲಿ ಇದನ್ನು ಮೇಲಿನ ಕಪಾಟಿನಲ್ಲಿಡಿ.

ಒಳಗಡೆ ಬಿಳಿ ಚಕ್ಕೆ ಕಟ್ಟಿದರೆ ಅದು ಎಂಜಲಿನ ಸುಣ್ಣದಂಶ, ಕೆಲವೊಮ್ಮೆ ಕೊಳವೆಬಾವಿಯ ಗಡಸು ನೀರಿನದ್ದೂ ಸೇರಿರುತ್ತದೆ. ಸೂಜಿಯಿಂದ ಕೆರೆಯುವ ಬದಲು ಬಿಳಿ ವಿನೆಗರ್‌ಗೆ ಅಷ್ಟೇ ತಣ್ಣೀರು ಬೆರೆಸಿ ಕಾಲು ಗಂಟೆ ನೆನೆಸಿ, ಮೆಲ್ಲಗೆ ಉಜ್ಜಿದರೆ ಬಿಟ್ಟುಬರುತ್ತದೆ. ಬಿಡದಿದ್ದರೆ ಡಾಕ್ಟರಿಗೆ ತೋರಿಸಿ. ತೊಳೆದದ್ದನ್ನು ನೆರಳಲ್ಲಿ ಆರಲು ಬಿಟ್ಟು ಆಮೇಲೆ ಡಬ್ಬಿಗೆ ಹಾಕಿ, ಡಬ್ಬಿಯನ್ನೂ ತೊಳೆಯಿರಿ.

ಬಾಗಿದೆಯೇ ಎಂದು ತಿಳಿಯುವುದು ಸುಲಭ. ಎರಡೂ ಕಡೆ ಸಮನಾಗಿ ಕೂರದೆ ಒಂದೆಡೆ ಎದ್ದರೆ, ಮೊದಲಿಲ್ಲದ ಬಿಗಿ ಒಂದೇ ಹಲ್ಲಿನಲ್ಲಿ ಕಂಡರೆ, ಅದು ಬಾಗಿರಬಹುದು. ಕೆಲವು ದಿನ ಹಾಕದೆ ಬಿಟ್ಟು ಹಲ್ಲು ಸರಿದಿದ್ದರೂ ಹೀಗಾಗುತ್ತದೆ. ಕಚ್ಚಿ ಒತ್ತಿ ಕೂರಿಸಬೇಡಿ, ಬಿಸಿ ಮಾಡಿ ನೀವೇ ತಿದ್ದಲು ಹೋಗಬೇಡಿ. ಅಕ್ಕನ ಮಗಳ ಹಳೆಯದನ್ನು ಡಾಕ್ಟರು ಸರಿ ಮಾಡಲಿಲ್ಲ, ಮತ್ತೆ ಅಚ್ಚು ತೆಗೆದು ಹೊಸದನ್ನೇ ಮಾಡಿಸಿದರು. ಇಂಥ ದಿನ ಬಂದರೆ ಆ ವಾರವೇ ಡಾಕ್ಟರಿಗೆ ಫೋನ್ ಮಾಡಿ, ಏಕೆಂದರೆ ಹಿಡಿತ ತಪ್ಪಿದ ಹಲ್ಲು ಕಾಯುವುದಿಲ್ಲ.