ಸೋಮವಾರಕ್ಕೆ ಮುಂಚೆ ಬರಬೇಕಾದ ಇಮೇಲ್

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಕಂಪನಿಗಳು ಕಳಿಸುವ ಸ್ವಾಗತದ ಇಮೇಲುಗಳು ಬಹುಪಾಲು ಒಂದೇ ಅಚ್ಚಿನವು. ‘ನಮ್ಮ ಕುಟುಂಬಕ್ಕೆ ಸ್ವಾಗತ’ ಎಂದು ಶುರುವಾಗಿ, ಸಂಸ್ಥೆಯ ಧ್ಯೇಯವನ್ನು ಎರಡು ಪ್ಯಾರಾ ಕೊರೆದು, ದಪ್ಪನೆಯ ನಿಯಮಾವಳಿಯೊಂದನ್ನು ಲಗತ್ತಿಸಿ ಮುಗಿಯುತ್ತವೆ. ಸೋಮವಾರ ಯಾವ ಗೇಟಿಗೆ ಬರಬೇಕು, ಯಾರನ್ನು ಕೇಳಬೇಕು, ಊಟದ ಡಬ್ಬಿ ತರಬೇಕೋ ಬೇಡವೋ ಎಂಬುದು ಮಾತ್ರ ಅದರಲ್ಲಿರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಕಂಪನಿ. ಅದರ ಅಕೌಂಟ್ಸ್ ವಿಭಾಗಕ್ಕೆ ದಾವಣಗೆರೆಯ ಹುಡುಗಿಯೊಬ್ಬಳು ಸೇರುತ್ತಿದ್ದಾಳೆ. ಹಿಂದೆ ಬೇರೆ ಕಡೆ ಕೆಲಸ ಮಾಡಿದವಳು, ಬೆಂಗಳೂರಿಗೆ ಹೊಸಬಳು. ಅವಳಿಗೆ ಇಮೇಲ್ ಹೋಗಬೇಕಾದದ್ದು ಹಿಂದಿನ ಗುರುವಾರ, ಅದೂ ಅವಳ ಸ್ವಂತ ಇಮೇಲ್ ವಿಳಾಸಕ್ಕೆ. ಇದನ್ನು ಬಿಡಿಸಿ ಹೇಳಲು ಕಾರಣವಿದೆ. ಎಷ್ಟೋ ಕಡೆ ಈ ಪತ್ರವನ್ನು ಹೊಸದಾಗಿ ಸೃಷ್ಟಿಸಿದ ಆಫೀಸ್ ಐಡಿಗೆ ಕಳಿಸುತ್ತಾರೆ. ಅದನ್ನು ತೆರೆಯುವ ಲ್ಯಾಪ್‌ಟಾಪೂ ಪಾಸ್‌ವರ್ಡೂ ಕೈಗೆ ಬರುವುದು ಸೋಮವಾರ ಮಧ್ಯಾಹ್ನ!

ಪತ್ರದ ಮೊದಲ ಸಾಲುಗಳು ಹೀಗಿದ್ದರೆ ಸಾಕು: ‘ಸೋಮವಾರ ಬೆಳಿಗ್ಗೆ 10 ಗಂಟೆಗೆ ಎರಡನೇ ಗೇಟಿಗೆ ಬನ್ನಿ. ಸೆಕ್ಯೂರಿಟಿಯವರ ಬಳಿ ನಿಮ್ಮ ಹೆಸರು ಕೊಟ್ಟಿದ್ದೇವೆ, ಆಧಾರ್ ಕಾರ್ಡ್ ತೋರಿಸಿ. ಮೆಜೆಸ್ಟಿಕ್‌ನಿಂದ ಬರುವುದಾದರೆ ಹಸಿರು ಮೆಟ್ರೊ ಹತ್ತಿ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿ, ಕೊನೆಯ ನಿಲ್ದಾಣ ಬೊಮ್ಮಸಂದ್ರದಲ್ಲಿ ಇಳಿಯಿರಿ.’ ಇದರ ಕೆಳಗೆ ಅವತ್ತು ನಿಜವಾಗಿಯೂ ಫೋನ್ ಎತ್ತುವವರ ಹೆಸರು, ನಂಬರ್. ಫ್ಯಾಕ್ಟರಿ ಎಂಟೂವರೆಗೇ ಶುರುವಾದರೂ ಅವಳನ್ನು ಹತ್ತಕ್ಕೆ ಕರೆಯುವುದೇ ಸರಿ. ಬೆಳಗಿನ ಗಡಿಬಿಡಿಯಲ್ಲಿ ಬಂದವರು ರಿಸೆಪ್ಷನ್‌ನಲ್ಲಿ ಕೂತು ಗೋಡೆ ನೋಡಬೇಕಾಗುತ್ತದೆ.

ಏನೇನು ತರಬೇಕು ಎಂಬ ಭಾಗದಲ್ಲಿ ಪಟ್ಟಿಗಿಂತ ಕಾರಣ ಮುಖ್ಯ. ಪ್ಯಾನ್, ಬ್ಯಾಂಕ್ ವಿವರ, ರಿಲೀವಿಂಗ್ ಲೆಟರ್ ಎಲ್ಲರೂ ಕೇಳುತ್ತಾರೆ. ಎಡವಟ್ಟಾಗುವುದು ಪಿ.ಎಫ್. ವಿಷಯದಲ್ಲಿ. ಅವಳಿಗೆ ಹಳೆಯ ಕೆಲಸದಲ್ಲೇ ಯು.ಎ.ಎನ್. ನಂಬರ್ ಸಿಕ್ಕಿರುತ್ತದೆ. ಕೆಲಸ ಬದಲಾದರೂ ಒಬ್ಬರಿಗೆ ಒಂದೇ ನಂಬರ್. ಅದನ್ನು ತಿಳಿಸದೆ ಹೊಸ ನಂಬರ್ ಹುಟ್ಟಿಕೊಂಡರೆ, ಹಣ ಎರಡು ಕಡೆ ಹರಿದುಹೋಗಿ ಮುಂದೆ ಒಂದುಗೂಡಿಸಲು ಅಲೆಯಬೇಕು. ಇನ್ನೊಂದು, ಈ ಆರ್ಥಿಕ ವರ್ಷದಲ್ಲಿ ಹಳೆಯ ಕಂಪನಿ ಕೊಟ್ಟ ಸಂಬಳದ ವಿವರ. ಅದು ಗೊತ್ತಿಲ್ಲದಿದ್ದರೆ ಹೊಸ ಕಂಪನಿಯೂ ತೆರಿಗೆ ವಿನಾಯಿತಿಯನ್ನು ಮೊದಲಿನಿಂದ ಲೆಕ್ಕ ಹಾಕುತ್ತದೆ. ಕಡಿಮೆ ಕಡಿತವಾದ ತೆರಿಗೆ ರಿಟರ್ನ್ ಸಲ್ಲಿಸುವಾಗ ಒಟ್ಟಿಗೆ ಕುತ್ತಿಗೆಗೆ ಬೀಳುತ್ತದೆ. ಮೊದಲ ಸಂಬಳ ಯಾವ ದಿನ ಬರುತ್ತದೆ ಎಂಬುದನ್ನೂ ಬರೆಯಬೇಕು. ಸಂಬಳದ ಪಟ್ಟಿ ಮುಚ್ಚಿದ ಮೇಲೆ ಸೇರಿದವರ ಆ ಕೆಲವು ದಿನಗಳ ಹಣ ಮುಂದಿನ ತಿಂಗಳಿಗೆ ಹೋಗುವ ಕಂಪನಿಗಳು ಬೇಕಾದಷ್ಟಿವೆ. ಪಿ.ಜಿ.ಗೆ ಅಡ್ವಾನ್ಸ್ ಕಟ್ಟಿ ಕೂತವಳಿಗೆ ಇದು ಸಣ್ಣ ಸಂಗತಿಯಲ್ಲ.

ಭೇಟಿಯಾಗಬೇಕಾದವರ ಹೆಸರು ಮತ್ತು ಹುದ್ದೆ ಕೊಟ್ಟು ಸುಮ್ಮನಾದರೆ ಉಪಯೋಗವಿಲ್ಲ. ಯಾಕೆ ಭೇಟಿ ಎಂದೂ ಹೇಳಬೇಕು. ನಮ್ಮ ಹುಡುಗಿಯ ಕೆಲಸ, ಸರಬರಾಜುದಾರರ ಬಿಲ್ ಪರಿಶೀಲಿಸಿ ಪಾವತಿಗೆ ಕಳಿಸುವುದು. ಬಿಲ್ಲಿನಲ್ಲಿರುವ ದರ ಪರ್ಚೇಸ್ ಆರ್ಡರಿಗೆ ಹೊಂದಬೇಕು, ಪ್ರಮಾಣ ಸ್ಟೋರ್ಸ್‌ನವರು ಬರೆದ ಮಾಲು ರಸೀದಿಗೆ ಹೊಂದಬೇಕು. 500 ಬೋಲ್ಟಿಗೆ ಬಿಲ್ ಬಂದು ರಸೀದಿಯಲ್ಲಿ 480 ಇದ್ದರೆ ಆ ಬಿಲ್ ನಿಂತಿತು; ಸಂಜೆಯೊಳಗೆ ಸರಬರಾಜುದಾರರ ಫೋನ್ ಬರುವುದು ಇವಳಿಗೇ. ಹಾಗಾಗಿ ಪತ್ರದಲ್ಲಿ ‘ಸ್ಟೋರ್ಸ್ ಸೂಪರ್‌ವೈಸರ್: ಮಾಲಿನ ಲೆಕ್ಕ ಹೊಂದದಿದ್ದರೆ ಮೊದಲು ಇವರನ್ನು ಕೇಳಿ’ ಎಂದಿರಬೇಕು. ಜನರಲ್ ಮ್ಯಾನೇಜರ್ ಜೊತೆಗಿನ ಪರಿಚಯ ಎರಡನೇ ವಾರಕ್ಕೆ ಹೋದರೂ ನಷ್ಟವಿಲ್ಲ.

ವಾರದ ವೇಳಾಪಟ್ಟಿ ಇದನ್ನೇ ಅನುಸರಿಸಲಿ. ಸೋಮವಾರ ಕಾಗದಪತ್ರ, ಕ್ಯಾಂಟೀನ್ ಕಾರ್ಡ್, ಲಾಗಿನ್. ಇಷ್ಟಕ್ಕೇ ದಿನ ಹೋಗುತ್ತದೆ, ಬೇರೇನೂ ತುರುಕಬಾರದು. ಮಂಗಳವಾರ ಅರ್ಧ ಗಂಟೆ ಮ್ಯಾನೇಜರ್ ಜೊತೆ, ಮಧ್ಯಾಹ್ನ ಸ್ಟೋರ್ಸ್. ಯಂತ್ರಗಳಿರುವ ಕಡೆ ಚಪ್ಪಲಿಗೆ ಪ್ರವೇಶವಿಲ್ಲ ಎಂಬುದನ್ನು ಇಲ್ಲೇ ಹೇಳಿದರೆ ಅವಳು ಬಾಗಿಲಿನಿಂದ ವಾಪಸ್ ಬರುವುದು ತಪ್ಪುತ್ತದೆ. ಬುಧವಾರ ಸಹೋದ್ಯೋಗಿಯ ಪಕ್ಕ ಕೂತು ಒಂದು ಬಿಲ್ ಹೊಕ್ಕಲ್ಲಿಂದ ಪಾವತಿಯಾಗುವವರೆಗೆ ನೋಡುವುದು. ಗುರುವಾರ ನಾಲ್ಕೈದು ಬಿಲ್ ತಾನೇ ನೋಡಿ, ಸಹೋದ್ಯೋಗಿಯಿಂದ ತಿದ್ದಿಸಿಕೊಳ್ಳುವುದು. ಶುಕ್ರವಾರ ಮತ್ತೆ ಮ್ಯಾನೇಜರ್ ಜೊತೆ ಹದಿನೈದು ನಿಮಿಷ, ಈ ಬಾರಿ ಪ್ರಶ್ನೆ ಕೇಳುವವಳು ಅವಳು.

ಇಷ್ಟೆಲ್ಲ ಮೊಬೈಲ್ ಪರದೆಯ ಮೇಲೆ ಎರಡು ಮೂರು ಸಲ ಸರಿಸಿದರೆ ಮುಗಿಯಬೇಕು. ನಿಯಮಾವಳಿ ಆಮೇಲೆ ಕೊಟ್ಟರಾಯಿತು. ಪತ್ರ ತಲುಪಿದ ಮೇಲೂ ಅವಳು ಭಾನುವಾರ ರಾತ್ರಿ ಫೋನ್ ಮಾಡಿ ಏನಾದರೂ ಕೇಳಿದರೆ, ಬರೆದವರು ಆ ಪ್ರಶ್ನೆಯ ಉತ್ತರವನ್ನು ಮುಂದೆ ಸೇರುವವರ ಪತ್ರಕ್ಕೆ ಸೇರಿಸಿಬಿಡಬೇಕು.